ತೊಲೆ ಕುಸಿಯುವುದು ಮೂರನೆಯ ಕೀಲಿನಲ್ಲಿ

ಎರಡೂ ತುದಿ ಅಲ್ಲಾಡದಂತೆ ಬಿಗಿದ ಉಕ್ಕಿನ ತೊಲೆಯ ಮೇಲೆ ಉದ್ದಕ್ಕೂ ಸಮನಾಗಿ ಭಾರ ಹೇರುತ್ತಾ ಹೋದರೆ ಮೊದಲು ಸೋಲುವುದು ನಡುಭಾಗವಲ್ಲ, ತುದಿಗಳು. ತೊಲೆಯನ್ನು ಬಾಗಿಸುವ ಬಲ, ಅಂದರೆ ಬೆಂಡಿಂಗ್ ಮೊಮೆಂಟ್, ಅಲ್ಲಿ ನಡುವಿನ ಎರಡರಷ್ಟಿರುತ್ತದೆ. ಆದರೆ ತುದಿ ಸೋತ ಮಾತ್ರಕ್ಕೆ ತೊಲೆ ಬೀಳುವುದಿಲ್ಲ. ಅಲ್ಲಿ ಉಕ್ಕು ಪೂರ್ತಿ ಮೆದುವಾಗಿ, ತುಕ್ಕು ಹಿಡಿದ ಬಾಗಿಲಿನ ಕೀಲಿನ ಹಾಗೆ ಬಿಗಿಯಾಗಿಯೇ ತಿರುಗತೊಡಗುತ್ತದೆ. ಇದೇ ಪ್ಲಾಸ್ಟಿಕ್ ಹಿಂಜ್. ತಿರುಗುವಾಗಲೂ ಅದು Mp ಎಂಬ ನಿಗದಿತ ಮೊಮೆಂಟನ್ನು ಬಿಟ್ಟುಕೊಡುವುದಿಲ್ಲ. ಹೆಚ್ಚುವರಿ ಭಾರ ನಡುಭಾಗಕ್ಕೆ ಸರಿಯುತ್ತದೆ. ಅಲ್ಲಿಯೂ ಒಂದು ಕೀಲು ಮೂಡಿದಾಗ ಮಾತ್ರ ತೊಲೆ ಕುಸಿಯುತ್ತದೆ. ಹಂಗೇರಿಯ ಗಾಬೋರ್ ಕಾಜಿಂತ್ಸಿ 1914ರಲ್ಲೇ ತುದಿ ಬಿಗಿದ ತೊಲೆಗಳನ್ನು ಪರೀಕ್ಷಿಸಿ ಈ ಮೂರು ಕೀಲುಗಳ ಮಾತನ್ನು ಮುಂದಿಟ್ಟಿದ್ದರು.

ಕುಸಿಯುವ ಭಾರವನ್ನು ಹುಡುಕುವ ಮೆಕ್ಯಾನಿಸಂ ವಿಧಾನ ಅಚ್ಚರಿಯಾಗುವಷ್ಟು ಸರಳ. ಭಾರ ಕೆಳಗಿಳಿಯುತ್ತಾ ಮಾಡುವ ಕೆಲಸ, ಕೀಲುಗಳು ತಿರುಗಲು ತಿನ್ನುವ ಕೆಲಸಕ್ಕೆ ಸಮ. 6 ಮೀಟರ್ ಉದ್ದದ ಐಎಸ್‌ಎಂಬಿ 300 ತೊಲೆಯನ್ನೇ ನೋಡಿ. ಅದರ Mp ಸುಮಾರು 163 ಕಿಲೋನ್ಯೂಟನ್‌-ಮೀಟರ್. ಎರಡು ತುದಿಗಳೂ θ ಕೋನ ತಿರುಗಿದರೆ ನಡುವಿನ ಕೀಲು 2θ ತಿರುಗಬೇಕು, ಒಟ್ಟು 4θ. ನಡುಭಾಗ 3θ ಮೀಟರ್ ಇಳಿಯುತ್ತದೆ, ಇಡೀ ಭಾರ ಸರಾಸರಿ 1.5θ. ಮೀಟರಿಗೆ w ಭಾರವಿದ್ದರೆ:

6w × 1.5θ = 163 × 4θ

ಉತ್ತರ, ಮೀಟರಿಗೆ ಸುಮಾರು 72.4 ಕಿಲೋನ್ಯೂಟನ್. ತುದಿಗಳಲ್ಲಿ ಕೀಲು ಮೂಡಿದ್ದು 54.3ರಲ್ಲಿ. ಅಂದರೆ ಆಮೇಲೂ ತೊಲೆ ಮೂರನೇ ಒಂದು ಪಾಲು ಹೆಚ್ಚು ಭಾರ ಹೊತ್ತಿತು.

ಎಚ್ಚರ ಬೇಕಾದದ್ದು ಇಲ್ಲಿ. ಮಧ್ಯದ ಕೀಲನ್ನು ತಪ್ಪಾಗಿ ಎಡ ತುದಿಯಿಂದ 2 ಮೀಟರ್ ದೂರದಲ್ಲಿ ಊಹಿಸಿಕೊಂಡರೆ ಅದೇ ಲೆಕ್ಕ 81.5 ಎನ್ನುತ್ತದೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ, ಆದರೂ ಉತ್ತರ ಅಪಾಯಕಾರಿ. ಈ ವಿಧಾನದಲ್ಲಿ ತಪ್ಪು ಊಹೆ ಯಾವತ್ತೂ ತೊಲೆಯನ್ನು ಇರುವುದಕ್ಕಿಂತ ಬಲಶಾಲಿಯಾಗಿ ತೋರಿಸುತ್ತದೆ, ದುರ್ಬಲವಾಗಿ ಅಲ್ಲ. ಹಾಗಾಗಿ ಬಂದ ಉತ್ತರಗಳಲ್ಲಿ ಅತಿ ಚಿಕ್ಕದನ್ನು ಹಿಡಿದು, ತೊಲೆಯ ಉದ್ದಕ್ಕೂ ಮೊಮೆಂಟ್ ಬಿಡಿಸಿ ನೋಡಲೇಬೇಕು. 81.5 ಭಾರಕ್ಕೆ ನಡುಭಾಗದಲ್ಲಿ 204 ಬರುತ್ತದೆ. 163ಕ್ಕಿಂತ ಹೆಚ್ಚು ಹೊರಲಾರದ ತೊಲೆಯಲ್ಲಿ ಅದು ಅಸಾಧ್ಯ. 72.4ಕ್ಕೆ ಸರಿಯಾಗಿ 163 ಬರುತ್ತದೆ, ಎಲ್ಲಿಯೂ ಮೀರುವುದಿಲ್ಲ. ಅದೇ ನಿಜವಾದ ಕುಸಿತದ ಭಾರ.

ಇದು ಸುರಕ್ಷತೆಯ ಅಂಚು ಬಿಡದ ಲೆಕ್ಕ ಎಂಬುದು ನೆನಪಿರಲಿ. ಮೇಲಾಗಿ, ಮೊದಲ ಕೀಲುಗಳು ಕೊನೆಯದು ಮೂಡುವವರೆಗೂ ಬಲ ಬಿಡದೆ ತಿರುಗುತ್ತಿರಬೇಕು. ಉಕ್ಕಿನ ಅಂಚಿನ ಪಟ್ಟಿ ತೆಳುವಾಗಿದ್ದು ಸುಕ್ಕುಗಟ್ಟಿದರೆ, ತೊಲೆ ಪಕ್ಕಕ್ಕೆ ಹೊರಳಿದರೆ ಆ 72.4 ಸಿಗುವುದಿಲ್ಲ. ಕಂಬದ ಜೋಡಣೆಯ ಬೋಲ್ಟು ಅಥವಾ ಬೆಸುಗೆ 163 ತಾಳದೆ ಮೊದಲೇ ಕಿತ್ತುಬಂದರೂ ಅಷ್ಟೇ.