ನಿಶ್ಚಿತಾರ್ಥದ ಸುದ್ದಿ ಗೆಳೆಯರಿಗೆ ಹೇಳುವ ಬಗೆ

ನಿಶ್ಚಿತಾರ್ಥ ಮುಗಿದ ಸಂಜೆ ಹುಡುಗ ಹುಡುಗಿ ಮೊಬೈಲ್ ಹಿಡಿದು ಕೂರುತ್ತಾರೆ. ಫೋಟೊ ಸಿದ್ಧವಾಗಿದೆ, ಅದರ ಕೆಳಗೆ ನಾಲ್ಕು ಸಾಲು ಬರೆಯಬೇಕು. ಸಂತೋಷದ ಭರದಲ್ಲಿ ಬರೆದ ಆ ನಾಲ್ಕು ಸಾಲುಗಳಿಂದ ಎರಡು ಮನೆಗಳ ನಡುವೆ ತಿಂಗಳುಗಟ್ಟಲೆ ಮುನಿಸು ಉಳಿದದ್ದನ್ನು ನಾನು ನೋಡಿದ್ದೇನೆ. ಬರೆದವರಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ. ಮನೆಯೊಳಗೆ ಮುಗಿದಿದ್ದ ಮಾತೊಂದು ಅವರಿಗೇ ತಿಳಿಯದಂತೆ ಹೊರಗೆ ಬಂದಿತ್ತು.

ನಮ್ಮ ಶಾಸ್ತ್ರಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ಛತ್ರ ಯಾರು ಹಿಡಿಯಬೇಕು, ಊಟದ ಖರ್ಚು ಯಾರದು, ಯಾವ ಕಡೆಯಿಂದ ಎಷ್ಟು ಜನ ಬರುತ್ತಾರೆ ಎಂಬುದೆಲ್ಲ ಹಿರಿಯರು ನಾಲ್ಕು ಜನ ಕೂತು ಆಡುವ ಮಾತುಕತೆ. ಅದು ಮುಗಿದ ಮೇಲೆ ಎಲೆ, ಅಡಿಕೆ, ತೆಂಗಿನಕಾಯಿ, ಹಣ್ಣು ಇಟ್ಟು ಎಲ್ಲರ ಎದುರಿಗೆ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ಲಗ್ನಪತ್ರಿಕೆ ಓದುವ ಮನೆಗಳಲ್ಲಿ ಸಾಮಾನ್ಯವಾಗಿ ಅದರಲ್ಲಿರುವುದು ವಧೂವರರ ಹೆಸರು, ತಂದೆತಾಯಿಯರ ಹೆಸರು, ದಿನ, ಮುಹೂರ್ತ ಮಾತ್ರ. ಎಷ್ಟು ಸಲ ಮಾತು ಮುರಿದು ಕೂಡಿತು ಎಂಬುದನ್ನು ಪುರೋಹಿತರು ಓದುವುದಿಲ್ಲ. ಗೆಳೆಯರಿಗೆ ಬರೆಯುವ ಸಾಲುಗಳಿಗೂ ನಾನು ಇದೇ ಗೆರೆ ಎಳೆಯುತ್ತೇನೆ: ತಾಂಬೂಲದ ಹೊತ್ತಿಗೆ ಎಲ್ಲರೂ ಕೇಳಿದ್ದು ಬರಲಿ, ಅದಕ್ಕೆ ಮೊದಲಿನ ಮಾತುಕತೆ ಬೇಡ.

ಒಂದು ಜೋಡಿಯನ್ನು ಊಹಿಸಿಕೊಳ್ಳೋಣ. ಹುಡುಗಿ ದಾವಣಗೆರೆಯವಳು, ಹುಡುಗ ಹಾವೇರಿಯವನು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಪರಿಚಯ ಆಗಿದ್ದು. ಮನೆಯವರನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತು. ಹುಡುಗಿ ಮೊದಲು ಬರೆದದ್ದು ಹೀಗಿದೆ:

“ಕೊನೆಗೂ ಎರಡೂ ಮನೆಯವರು ಒಪ್ಪಿದರು! ಒಂದು ವರ್ಷದ ಹೋರಾಟಕ್ಕೆ ಜಯ ಸಿಕ್ಕಿತು. ಏನನ್ನೂ ಕೇಳದೆ ನನ್ನನ್ನು ಸೊಸೆಯಾಗಿ ಒಪ್ಪಿಕೊಂಡ ಅತ್ತೆ ಮಾವನಿಗೆ, ಇಷ್ಟು ಅದ್ದೂರಿಯಾಗಿ ಮಾಡಿಕೊಟ್ಟ ಅಪ್ಪನಿಗೆ ಧನ್ಯವಾದ. ಮದುವೆಗೆ ಎಲ್ಲರೂ ಬರಲೇಬೇಕು!”

ಇದರಲ್ಲಿ ಒಂದು ರೂಪಾಯಿಯ ಲೆಕ್ಕವೂ ಇಲ್ಲ, ಜಗಳದ ಮಾತೂ ಇಲ್ಲ. ಆದರೂ ಸಾಲುಸಾಲಿನಲ್ಲಿ ಮಾತುಕತೆ ಇಣುಕುತ್ತಿದೆ. ‘ಕೊನೆಗೂ’ ಎಂದ ಕೂಡಲೇ ಓದಿದವರು ಇಷ್ಟು ದಿನ ಒಪ್ಪದೇ ಇದ್ದವರು ಯಾರು ಎಂದು ಹುಡುಕುತ್ತಾರೆ. ‘ಹೋರಾಟ’ ಎಂದರೆ ಎದುರು ನಿಂತವರು ಇರಲೇಬೇಕು. ಮೊನ್ನೆ ತಾನೇ ಮನಸ್ಸು ಬದಲಿಸಿ, ತಟ್ಟೆ ಹಿಡಿದು ನಗುತ್ತ ನಿಂತಿದ್ದ ಚಿಕ್ಕಪ್ಪನಿಗೆ ಆ ಸಾಲು ತನಗೇ ಹೇಳಿದಂತೆ ಕೇಳಿಸುತ್ತದೆ.

ಇನ್ನೂ ಸೂಕ್ಷ್ಮವಾದದ್ದು ‘ಏನನ್ನೂ ಕೇಳದೆ’ ಎಂಬುದು. ಹುಡುಗಿ ಅದನ್ನು ಮನಸಾರೆ ಹೊಗಳಿಕೆಯಾಗಿಯೇ ಬರೆದಿದ್ದಾಳೆ. ಆದರೆ ವರದಕ್ಷಿಣೆಯ ಮಾತೇ ಇಲ್ಲದಿದ್ದ ಕಡೆ ಅದನ್ನು ತಂದಿಟ್ಟದ್ದು ಆ ಹೊಗಳಿಕೆಯೇ. ಕೇಳಬಹುದಿತ್ತು, ದೊಡ್ಡ ಮನಸ್ಸು ಮಾಡಿ ಬಿಟ್ಟರು ಎಂಬ ಅರ್ಥ ಬಂದುಬಿಡುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೇಳುವುದೇ ಅಪರಾಧ. ಅಪರಾಧ ಮಾಡಲಿಲ್ಲವೆಂದು ಅತ್ತೆ ಮಾವನಿಗೆ ಎಲ್ಲರೆದುರು ಧನ್ಯವಾದ ಹೇಳಿದರೆ ಅವರಿಗೆ ಮರ್ಯಾದೆ ಮಾಡಿದಂತಾಗುವುದಿಲ್ಲ. ‘ಅದ್ದೂರಿಯಾಗಿ ಮಾಡಿಕೊಟ್ಟ’ ಎಂಬ ಸಾಲು ಖರ್ಚೆಲ್ಲ ಹೆಣ್ಣಿನ ಮನೆಯದೆಂದು ಸಾರುತ್ತದೆ. ಅರ್ಧ ಖರ್ಚು ಹಾಕಿಕೊಂಡ ಹಾವೇರಿಯ ಮನೆಯವರು ಅದನ್ನು ಓದಿದರೆ ಏನೆಂದುಕೊಳ್ಳಬೇಕು?

‘ಎಲ್ಲರೂ ಬರಲೇಬೇಕು’ ಎಂಬುದು ಹಣದ ಮಾತು ಎಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಎಷ್ಟು ಎಲೆ ಹಾಕಬೇಕು ಎಂಬುದರ ಮೇಲೆಯೇ ಮದುವೆಯ ಖರ್ಚು ನಿಂತಿರುತ್ತದೆ, ಅತಿ ಹೆಚ್ಚು ಚೌಕಾಸಿ ನಡೆಯುವುದೂ ಅಲ್ಲೇ. ಈ ಸಾಲನ್ನು ಐನೂರು ಜನ ಓದಿದರೆ ಐನೂರು ಜನರನ್ನೂ ಕರೆದಂತೆ. ಆಮೇಲೆ ಕರೆಯದೆ ಹೋದರೆ ಗೆಳೆಯರಿಗೆ ಬೇಸರ, ಕರೆದರೆ ದೊಡ್ಡವರು ಮಾಡಿದ ಲೆಕ್ಕ ತಪ್ಪುತ್ತದೆ. ಸುದ್ದಿ ಹೇಳುವುದೂ ಕರೆಯುವುದೂ ಬೇರೆ ಬೇರೆ ಕೆಲಸ, ಬೇರೆಯಾಗಿಯೇ ಮಾಡಬೇಕು.

ಇವನ್ನೆಲ್ಲ ತೆಗೆದರೆ ಉಳಿಯುವುದು ‘ಹಿರಿಯರ ಆಶೀರ್ವಾದದೊಂದಿಗೆ’ ಎಂಬ ಅಚ್ಚಿನ ಮನೆಯ ಸಾಲೊಂದೇ ಎಂದು ಹಲವರು ಕೈಚೆಲ್ಲುತ್ತಾರೆ. ಗೆಳೆಯರಿಗೆ ಬೇಕಾದದ್ದು ಆ ಸಾಲಲ್ಲ. ಇವರಿಬ್ಬರಿಗೆ ಮಾತ್ರ ಸೇರಿದ ಒಂದು ಪುಟ್ಟ ಸಂಗತಿ ಅವರಿಗೆ ಸಾಕು. ಹುಡುಗಿಯನ್ನು ಕೇಳಿದರೆ ಅದು ತಕ್ಷಣ ಸಿಗುತ್ತದೆ: ಬಸ್ಸಿನಲ್ಲಿ ಅವಳು ಗಾಢವಾಗಿ ನಿದ್ದೆ ಮಾಡುತ್ತಿದ್ದಳು, ದಾವಣಗೆರೆ ಬಂತೆಂದು ಎಬ್ಬಿಸುತ್ತಿದ್ದವನು ಅವನು. ಎರಡನೆಯ ಸಲ ಬರೆದದ್ದು ಹೀಗೆ:

“ಸ್ನೇಹಿತರೇ, ಒಂದು ಸಿಹಿಸುದ್ದಿ. ಶುಕ್ರವಾರದ ರಾತ್ರಿ ಬಸ್ಸಿನಲ್ಲಿ ದಾವಣಗೆರೆ ಬಂತೆಂದು ನನ್ನನ್ನು ತಪ್ಪದೆ ಎಬ್ಬಿಸುತ್ತಿದ್ದ ಹಾವೇರಿಯ ಹುಡುಗನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಭಾನುವಾರ ನಮ್ಮಿಬ್ಬರ ನಿಶ್ಚಿತಾರ್ಥ ಆಯಿತು. ಎರಡೂ ಮನೆಯವರು ಜೊತೆಗಿದ್ದರು. ತುಂಬಾ ಖುಷಿಯಲ್ಲಿದ್ದೇವೆ. ಮದುವೆಯ ದಿನ ಇನ್ನೂ ಗೊತ್ತಾಗಿಲ್ಲ. ನಿಮ್ಮ ಹಾರೈಕೆ ಇರಲಿ.”

ಇದರಲ್ಲಿ ಸುಳ್ಳು ಒಂದೂ ಇಲ್ಲ, ಅದು ಮುಖ್ಯ. ಒಂದು ಮನೆಯವರು ಬಾರದೇ ಇದ್ದರೆ ‘ಎರಡೂ ಮನೆಯವರು ಜೊತೆಗಿದ್ದರು’ ಎಂಬ ವಾಕ್ಯವನ್ನೇ ಬಿಡಬೇಕು, ತೇಪೆ ಹಾಕಬಾರದು. ದಿನ ಗೊತ್ತಾಗಿಲ್ಲ ಎಂದು ನೇರವಾಗಿ ಹೇಳಿದ್ದರಿಂದ ‘ಯಾವಾಗ?’ ಎಂಬ ಪ್ರಶ್ನೆಗಳೂ ಕಡಿಮೆಯಾಗುತ್ತವೆ. ಛತ್ರದ ಮುಂಗಡ ಕೊಟ್ಟಿಲ್ಲದಿದ್ದರೆ ತಿಂಗಳನ್ನೂ ಬರೆಯದಿರುವುದು ಒಳ್ಳೆಯದು.

ಸಾಲು ಸರಿಯಾದ ಮೇಲೂ ಫೋಟೊ ಗುಟ್ಟು ಬಿಟ್ಟುಕೊಡಬಹುದು. ಜೋಡಿಯ ಮುಖವನ್ನಷ್ಟೇ ನೋಡಿ ಕಳಿಸಿದ ಚಿತ್ರದ ಮೂಲೆಯಲ್ಲಿ ಒಡವೆಯ ಪೆಟ್ಟಿಗೆ ತೆರೆದುಕೊಂಡಿರುತ್ತದೆ, ಬೆಳ್ಳಿ ತಟ್ಟೆಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಕೆಲವರು ಅದನ್ನು ದೊಡ್ಡದು ಮಾಡಿ ಎಣಿಸಿಯೇ ಎಣಿಸುತ್ತಾರೆ. ಲಗ್ನಪತ್ರಿಕೆಯ ಚಿತ್ರ ಹಾಕುವುದಂತೂ ಬೇಡ, ಅದರಲ್ಲಿ ಮನೆಯವರ ಹೆಸರು, ಊರು ಎಲ್ಲ ಇರುತ್ತದೆ.

ಹಾಕುವ ಮೊದಲು ಹುಡುಗನೂ ಇದನ್ನು ಓದಬೇಕು, ಏಕೆಂದರೆ ತನ್ನ ಮನೆಯಲ್ಲಿ ಯಾವ ಮಾತು ಚುಚ್ಚುತ್ತದೆ ಎಂಬುದು ಅವನಿಗೇ ಗೊತ್ತು. ಅಜ್ಜಿಗೆ, ಸೋದರಮಾವನಿಗೆ, ದೊಡ್ಡಮ್ಮನಿಗೆ ಮೊದಲೇ ಫೋನು ಹೋಗಿರಬೇಕು. ತಂಗಿಯ ಮಗಳ ನಿಶ್ಚಿತಾರ್ಥವನ್ನು ಪಕ್ಕದ ಮನೆಯವರ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡ ಮಾವನನ್ನು ಸಮಾಧಾನ ಮಾಡುವುದು ಸುಲಭವಲ್ಲ. ಹಾಕಿದ ಮೇಲೆ ತಿದ್ದಿದರಾಯಿತು ಎಂಬ ಧೈರ್ಯವೂ ಬೇಡ. ಫೇಸ್‌ಬುಕ್‌ನಲ್ಲಿ ತಿದ್ದುವ ಮುಂಚಿನ ಸಾಲುಗಳನ್ನು ಓದುಗರು ತೆರೆದು ನೋಡಬಹುದು. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು ತಿದ್ದಲು ಹದಿನೈದು ನಿಮಿಷ ಮಾತ್ರ ಸಿಗುತ್ತದೆ, ಅಷ್ಟರೊಳಗೆ ಯಾರಾದರೂ ಅದರ ಚಿತ್ರ ತೆಗೆದಿಟ್ಟುಕೊಂಡಿರುತ್ತಾರೆ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಖರ್ಚು ಯಾರು ಹಂಚಿಕೊಂಡರು ಎಂಬುದು ಗೆಳೆಯರಿಗೆ ಹೇಳದೆ ಬಿಡುವ ಸಂಗತಿ. ಗಂಡಿನ ಕಡೆಯವರು ಇಷ್ಟು ಕೊಡಲೇಬೇಕೆಂದು ಪಟ್ಟು ಹಿಡಿದಿದ್ದರೆ ಅದು ಆ ಸಾಲಿಗೆ ಸೇರುವುದಿಲ್ಲ. ಆಗ ಹುಡುಗಿ ಸಿಹಿಸುದ್ದಿ ಬರೆಯುವುದನ್ನು ಪಕ್ಕಕ್ಕಿಟ್ಟು, ತಾನು ನಂಬುವ ಒಬ್ಬಿಬ್ಬರಿಗೆ ಎದುರಿಗೇ ಕೂತು ಎಲ್ಲ ಹೇಳಬೇಕು, ಬೇಕಾದರೆ ಪೊಲೀಸರ ಬಳಿಗೂ ಹೋಗಬೇಕು.