ಬರಿದಾದ ಕಣಜ, ಬೀಗ ಬಿದ್ದ ಕಣಜ

ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆ ಒಂದು, ದೀರ್ಘಕಾಲದ ಕಾಯಿಲೆಯಿಂದ ಬರುವ ರಕ್ತಹೀನತೆ ಇನ್ನೊಂದು. ಎರಡರಲ್ಲೂ ಹಿಮೋಗ್ಲೋಬಿನ್ ಇಳಿದಿರುತ್ತದೆ, ರಕ್ತದಲ್ಲಿ ಹರಿಯುವ ಕಬ್ಬಿಣವೂ ಕಡಿಮೆ ಇರುತ್ತದೆ. ಆದರೆ ಮೊದಲನೆಯದರಲ್ಲಿ ದೇಹದ ಕಬ್ಬಿಣದ ಕಣಜವೇ ಬರಿದಾಗಿರುತ್ತದೆ. ಎರಡನೆಯದರಲ್ಲಿ ಕಣಜದಲ್ಲಿ ದಾಸ್ತಾನು ಇದ್ದರೂ ಬಾಗಿಲಿಗೆ ಬೀಗ ಬಿದ್ದಿರುತ್ತದೆ.

ಹೊಸ ಕೆಂಪು ರಕ್ತಕಣಗಳನ್ನು ತಯಾರಿಸಲು ಮೂಳೆಯೊಳಗಿನ ಮಜ್ಜೆಗೆ ದಿನಕ್ಕೆ ಸುಮಾರು 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ದೇಹ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದು ಹಳೆಯ ಕಣಗಳಿಂದಲೇ ಮರಳಿ ಬರುತ್ತದೆ. ಸುಮಾರು 120 ದಿನ ಬಾಳಿದ ರಕ್ತಕಣಗಳನ್ನು ಗುಲ್ಮ, ಯಕೃತ್ತುಗಳಲ್ಲಿರುವ ಭಕ್ಷಕ ಕೋಶಗಳು ನುಂಗಿ, ಕಬ್ಬಿಣವನ್ನು ಬೇರ್ಪಡಿಸುತ್ತವೆ. ಒಳಗೆ ಅದನ್ನು ಕೂಡಿಡುವ ಪ್ರೋಟೀನು ಫೆರಿಟಿನ್. ರಕ್ತದಲ್ಲಿ ಹೊತ್ತು ಮಜ್ಜೆಗೆ ಮುಟ್ಟಿಸುವುದು ಟ್ರಾನ್ಸ್‌ಫೆರಿನ್. ಕೋಶದಿಂದ ಕಬ್ಬಿಣ ಹೊರಬರುವ ಬಾಗಿಲಿನ ಹೆಸರು ಫೆರೋಪೋರ್ಟಿನ್. ಕರುಳಿನ ಕೋಶಗಳಲ್ಲೂ ಇದೇ ಬಾಗಿಲಿದೆ. ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಾದಾಗ ಈ ಬಾಗಿಲು ಮುಚ್ಚುತ್ತದೆ, ಕಡಿಮೆಯಾದಾಗ ತೆರೆದುಕೊಳ್ಳುತ್ತದೆ.

ಹೆಚ್ಚಿನ ಮುಟ್ಟಿನ ಸ್ರಾವ, ಹೊಟ್ಟೆಯ ಹುಣ್ಣು, ಮೂಲವ್ಯಾಧಿ ಮುಂತಾದವುಗಳಿಂದ ರಕ್ತ ಹೋಗುತ್ತಲೇ ಇದ್ದರೆ ದೇಹ ಮೊದಲು ದಾಸ್ತಾನನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ಫೆರಿಟಿನ್ ಮೊದಲು ಇಳಿಯುತ್ತದೆ, ಹಿಮೋಗ್ಲೋಬಿನ್ ಆಮೇಲೆ. ಆಗ ಯಕೃತ್ತು ಹೆಪ್ಸಿಡಿನ್ ಅನ್ನು ತಗ್ಗಿಸಿ ಬಾಗಿಲನ್ನು ಪೂರ್ತಿ ತೆರೆಯುತ್ತದೆ. ಸಿಕ್ಕಷ್ಟನ್ನಾದರೂ ಹಿಡಿಯಲೆಂದು ಟ್ರಾನ್ಸ್‌ಫೆರಿನ್ ಅನ್ನು ಹೆಚ್ಚು ತಯಾರಿಸುತ್ತದೆ. ಗಾಡಿಗಳು ಹೆಚ್ಚುತ್ತವೆ, ಸರಕು ಮಾತ್ರ ಇರುವುದಿಲ್ಲ. ಕಬ್ಬಿಣ ಸಾಲದ ಮಜ್ಜೆ ಕ್ರಮೇಣ ಚಿಕ್ಕದಾದ, ಬಿಳಿಚಿಕೊಂಡ ಕಣಗಳನ್ನು ಹೊರಬಿಡುತ್ತದೆ.

ರುಮಟಾಯ್ಡ್ ಸಂಧಿವಾತ, ಕ್ಷಯ, ಕೆಲವು ಕ್ಯಾನ್ಸರುಗಳಲ್ಲಿ ನಡೆಯುವುದು ಬೇರೆ. ತಿಂಗಳುಗಟ್ಟಲೆ ಇರುವ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಹೆಚ್ಚಾಗಿ, ಹೆಪ್ಸಿಡಿನ್ ಅನ್ನು ಏರಿಸುತ್ತದೆ. ರೋಗಾಣುಗಳು ಬೆಳೆಯಲು ಕಬ್ಬಿಣ ಬೇಕಾದ್ದರಿಂದ, ಸೋಂಕಿನ ಹೊತ್ತಿನಲ್ಲಿ ಅದನ್ನು ಬಚ್ಚಿಡುವುದು ದೇಹದ ರಕ್ಷಣೆಯ ಉಪಾಯ. ಉರಿಯೂತ ಮುಗಿಯದಿದ್ದಾಗ ಅದೇ ಉಪಾಯ ಮಜ್ಜೆಗೆ ಮುಳುವಾಗುತ್ತದೆ. ಭಕ್ಷಕ ಕೋಶಗಳಲ್ಲಿ ಕಬ್ಬಿಣ ಸಿಕ್ಕಿಬಿದ್ದು ಫೆರಿಟಿನ್ ಏರುತ್ತದೆ, ಟ್ರಾನ್ಸ್‌ಫೆರಿನ್ ಇಳಿಯುತ್ತದೆ. ಇದರ ಜೊತೆಗೆ, ರಕ್ತ ತಯಾರಿಸುವಂತೆ ಮೂತ್ರಪಿಂಡ ಕಳಿಸುವ ಎರಿಥ್ರೋಪೊಯೆಟಿನ್ ಹಾರ್ಮೋನಿಗೆ ಮಜ್ಜೆ ಸರಿಯಾಗಿ ಓಗೊಡುವುದಿಲ್ಲ. ಕಣಗಳ ಸಂಖ್ಯೆ ಕುಗ್ಗುತ್ತದೆ, ಗಾತ್ರ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ.

ಉದಾಹರಣೆಗೆ, 9.5 ಗ್ರಾಂ ಹಿಮೋಗ್ಲೋಬಿನ್ ಇರುವ ಇಬ್ಬರು ಮಹಿಳೆಯರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬರಿಗೆ ಮುಟ್ಟಿನ ಸ್ರಾವ ಹೆಚ್ಚು, ಇನ್ನೊಬ್ಬರಿಗೆ ಹಲವು ವರ್ಷಗಳ ರುಮಟಾಯ್ಡ್ ಸಂಧಿವಾತ. ರಕ್ತದ ಕಬ್ಬಿಣ ಮೊದಲನೆಯವರಲ್ಲಿ ಡೆಸಿಲೀಟರಿಗೆ 27 ಮೈಕ್ರೊಗ್ರಾಂ, ಎರಡನೆಯವರಲ್ಲಿ 33. ಎರಡೂ ಕಡಿಮೆಯೇ, ಇದರಿಂದ ವ್ಯತ್ಯಾಸ ತಿಳಿಯದು. ಟ್ರಾನ್ಸ್‌ಫೆರಿನ್ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಲೆಕ್ಕ ಮೊದಲನೆಯವರಲ್ಲಿ 450, ಎರಡನೆಯವರಲ್ಲಿ 220. ಅಂದರೆ ಮೊದಲನೆಯವರಲ್ಲಿ ಗಾಡಿ ತುಂಬಿರುವುದು ಶೇ. 6ರಷ್ಟು, ಎರಡನೆಯವರಲ್ಲಿ ಶೇ. 15ರಷ್ಟು. ಫೆರಿಟಿನ್ ಮೊದಲನೆಯವರಲ್ಲಿ ಮಿಲಿಲೀಟರಿಗೆ 6 ನ್ಯಾನೊಗ್ರಾಂ, ಎರಡನೆಯವರಲ್ಲಿ 220. ಒಂದು ಕಣಜ ಬರಿದು, ಇನ್ನೊಂದು ತುಂಬಿದೆ.

ಎಲ್ಲ ವರದಿಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಉರಿಯೂತವೇ ಫೆರಿಟಿನ್ ಅನ್ನು ಏರಿಸುವುದರಿಂದ, ಸಂಧಿವಾತ ಇರುವವರಲ್ಲಿ ಅದು 60 ಬಂದರೆ ದಾಸ್ತಾನು ಸರಿಯಿದೆ ಎನ್ನಲಾಗದು. ನೋವಿನ ಮಾತ್ರೆಗಳಿಂದ ಜಠರದಲ್ಲಿ ರಕ್ತ ಸೋರುತ್ತಿದ್ದು, ಎರಡೂ ಬಗೆಯ ರಕ್ತಹೀನತೆ ಕೂಡಿರಬಹುದು. ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕೊರತೆ ಬಹುತೇಕ ಖಚಿತ. ಉರಿಯೂತವಿದ್ದು 30ರಿಂದ 100ರ ನಡುವೆ ಇದ್ದರೆ ಕೊರತೆಯೂ ಸೇರಿರುವ ಶಂಕೆ ಬಲವಾಗುತ್ತದೆ. ಆದ್ದರಿಂದ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಯ ಜೊತೆಗೇ ಫೆರಿಟಿನ್ ಅನ್ನು ಓದಬೇಕಾಗುತ್ತದೆ. ಸಂದೇಹ ಉಳಿದರೆ, ಉರಿಯೂತದಿಂದ ಅಷ್ಟಾಗಿ ಬದಲಾಗದ ಕರಗಿದ ಟ್ರಾನ್ಸ್‌ಫೆರಿನ್ ಗ್ರಾಹಕದ ಪರೀಕ್ಷೆ ನೆರವಾಗುತ್ತದೆ. ಕೊರತೆಯಿದ್ದರೆ ಅದು ಏರುತ್ತದೆ, ಬರೀ ಉರಿಯೂತವಿದ್ದರೆ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ.

ಚಿಕಿತ್ಸೆಯೂ ಈ ಭೇದವನ್ನೇ ಅನುಸರಿಸುತ್ತದೆ. ಬರಿದಾದ ಕಣಜವನ್ನು ಕಬ್ಬಿಣದ ಮಾತ್ರೆಗಳಿಂದ ತುಂಬಬಹುದು, ಆದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಪತ್ತೆಹಚ್ಚದಿದ್ದರೆ ಅದು ಮತ್ತೆ ಬರಿದಾಗುತ್ತದೆ. ಬೀಗ ಬಿದ್ದ ಕಣಜದ ವಿಷಯದಲ್ಲಿ ಕರುಳಿನ ಬಾಗಿಲೂ ಮುಚ್ಚಿರುವುದರಿಂದ ಮಾತ್ರೆಯ ಕಬ್ಬಿಣ ರಕ್ತಕ್ಕೆ ಸೇರುವುದು ಅಲ್ಪವೇ. ಅಲ್ಲಿ ಮೂಲ ಕಾಯಿಲೆ ಹತೋಟಿಗೆ ಬಂದರೆ ಹೆಪ್ಸಿಡಿನ್ ಇಳಿದು, ಒಳಗೇ ಇದ್ದ ಕಬ್ಬಿಣ ಮಜ್ಜೆಗೆ ತಲುಪುತ್ತದೆ.