ಕಪ್ಪಾದ ಚಿತ್ರ, ಪೇಲವ ಚಿತ್ರ: ಯಾವುದಕ್ಕೆ ಯಾವ ತಿದ್ದುಪಡಿ?

ಉಡುಪಿಯ ಮಠವೊಂದರಲ್ಲಿದ್ದ ಸರ್ವಮೂಲ ಗ್ರಂಥದ ತಾಳೆಗರಿ ಹಸ್ತಪ್ರತಿಯನ್ನು 2006ರ ಸುಮಾರಿಗೆ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ತಂಡವೊಂದು ಡಿಜಿಟಲ್ ಕ್ಯಾಮೆರಾದಲ್ಲಿ ದಾಖಲಿಸಿತು. ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅದರ ಮುಂದಾಳುಗಳು. ಮಧ್ವಾಚಾರ್ಯರ ಕೃತಿಗಳನ್ನು ಹೊತ್ತ ಆ ಗರಿಗಳು ವಯಸ್ಸಿನಿಂದಲೂ, ಕಾಪಾಡಲೆಂದು ಹಿಂದೆ ಯಾರೋ ಸವರಿದ್ದ ಎಣ್ಣೆಯಿಂದಲೂ ಕಡುಕಂದು ಬಣ್ಣಕ್ಕೆ ತಿರುಗಿದ್ದವು. ಕಪ್ಪು ಗರಿಯ ಮೇಲೆ ಕಪ್ಪು ಮಸಿ. ಅಕ್ಷರ ಯಾವುದು, ಗರಿ ಯಾವುದು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ತಂಡ ಅವಗೆಂಪು ಬೆಳಕನ್ನು ಬಳಸಿ ಗರಿಗೂ ಮಸಿಗೂ ನಡುವಿನ ಅಂತರವನ್ನು ಹೆಚ್ಚಿಸಿಕೊಂಡಿತು.

ಅಂಥ ಸಲಕರಣೆ ಎಲ್ಲರ ಕೈಗೂ ಸಿಗುವುದಿಲ್ಲ. ಅಟ್ಟದಲ್ಲಿ ಸಿಕ್ಕ ಓಲೆಗರಿ ಕಟ್ಟನ್ನು ಫೋನಿನಲ್ಲಿ ಫೋಟೊ ತೆಗೆಯುವವರಿಗೆ ಉಳಿಯುವುದು ಒಂದು ಕಪ್ಪು ಚಿತ್ರ, ಜೊತೆಗೆ ಅದನ್ನು ತಿದ್ದುವ ಮೂರು ಹಳೆಯ ವಿಧಾನಗಳು: ಗಾಮಾ ತಿದ್ದುಪಡಿ, ಲಾಗ್ ಪರಿವರ್ತನೆ, ಕಾಂಟ್ರಾಸ್ಟ್ ಹಿಗ್ಗಿಸುವಿಕೆ. ಚಿತ್ರ ಕಪ್ಪಾಗಿದೆ ಎಂದೊಡನೆ ಹೆಚ್ಚಿನವರ ಕೈ ಬೆಳಕು ಹೆಚ್ಚಿಸುವ ಗುಂಡಿಗೇ ಹೋಗುತ್ತದೆ. ಓಲೆಗರಿಯ ಮಟ್ಟಿಗೆ ಅದು ತಪ್ಪು ಆಯ್ಕೆ. ಏಕೆ ಎಂಬುದು ನಾಲ್ಕು ಅಂಕಿ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಸಾಮಾನ್ಯ ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. 0 ಎಂದರೆ ಅಪ್ಪಟ ಕಪ್ಪು, 255 ಎಂದರೆ ಅಪ್ಪಟ ಬಿಳಿ. ಯಾವ ಸಂಖ್ಯೆಯ ಪಿಕ್ಸೆಲ್‌ಗಳು ಎಷ್ಟಿವೆ ಎಂದು ತೋರಿಸುವ ನಕ್ಷೆಯೇ ಹಿಸ್ಟೋಗ್ರಾಂ. ಬಹುತೇಕ ಕ್ಯಾಮೆರಾಗಳಲ್ಲೂ ಫೋಟೊ ತಿದ್ದುವ ತಂತ್ರಾಂಶಗಳಲ್ಲೂ ಅದು ಕಾಣಸಿಗುತ್ತದೆ. ಮೂರೂ ವಿಧಾನಗಳು ಮಾಡುವ ಕೆಲಸ ಒಂದೇ ಬಗೆಯದು: ಹಳೆಯ ಸಂಖ್ಯೆಯನ್ನು ಓದಿ, ಒಂದು ಸೂತ್ರದ ಪ್ರಕಾರ ಹೊಸ ಸಂಖ್ಯೆ ಬರೆಯುವುದು. ಅಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಏನಿದೆ ಎಂದು ಅವು ನೋಡುವುದೇ ಇಲ್ಲ. ವ್ಯತ್ಯಾಸವೆಲ್ಲ ಸೂತ್ರದಲ್ಲಿದೆ.

ಒಂದು ಓಲೆಗರಿಯ ಫೋಟೊದಲ್ಲಿ ಗರಿಯ ಮೈ 60ರ ಆಸುಪಾಸು, ಅಕ್ಷರ 35ರ ಆಸುಪಾಸು ಇದೆ ಎಂದಿಟ್ಟುಕೊಳ್ಳೋಣ. ಇಡೀ ಚಿತ್ರ 25 ಮತ್ತು 85ರ ನಡುವೆ ಮುದುಡಿಕೊಂಡಿದೆ. ಗರಿಗೂ ಅಕ್ಷರಕ್ಕೂ ಇರುವ ಅಂತರ 25. ಓದಲು ಬೇಕಾದದ್ದು ಈ ಅಂತರ ದೊಡ್ಡದಾಗುವುದು.

ಮೊದಲು ಗಾಮಾ. ಇದರ ಸೂತ್ರ s = 255 × (r/255)^γ. ಇಲ್ಲಿ r ಹಳೆಯ ಸಂಖ್ಯೆ, s ಹೊಸದು. γ ಒಂದಕ್ಕಿಂತ ಕಡಿಮೆ ಇದ್ದರೆ ಚಿತ್ರ ಬೆಳಗುತ್ತದೆ, ಹೆಚ್ಚಿದ್ದರೆ ಕಪ್ಪಾಗುತ್ತದೆ. 0.5 ಹಾಕಿದರೆ 35 ಇದ್ದದ್ದು 94 ಆಗುತ್ತದೆ, 60 ಇದ್ದದ್ದು 124. ಚಿತ್ರವೇನೋ ಬೆಳಗಿತು; ಆದರೆ ಅಂತರ 25ರಿಂದ 30ಕ್ಕೆ ಮಾತ್ರ ಏರಿತು. ಕಪ್ಪಾಗಿದ್ದ ಗರಿ ಬೂದು ಬಣ್ಣಕ್ಕೆ ಬಂತು, ಅಕ್ಷರವೂ ಅದರ ಜೊತೆಗೇ ಬೂದಾಯಿತು.

ಲಾಗ್ ಪರಿವರ್ತನೆ ಇನ್ನೂ ಜೋರಾಗಿ ಬೆಳಗಿಸುತ್ತದೆ. s = 46 × ln(1 + r) ಎಂಬ ಸೂತ್ರದಲ್ಲಿ 46 ಎಂಬುದು 255 ಇದ್ದದ್ದು 255 ಆಗಿಯೇ ಉಳಿಯುವಂತೆ ಆರಿಸಿದ ಗುಣಕ. ಈಗ 35 ಇದ್ದದ್ದು 165ಕ್ಕೆ ನೆಗೆಯುತ್ತದೆ, 60 ಇದ್ದದ್ದು 189ಕ್ಕೆ. ಅಂತರ 24. ಕಣ್ಣಿಗೆ ಕೋರೈಸುವಷ್ಟು ಬೆಳಕು ಬಂದರೂ ಅಕ್ಷರ ಮೊದಲಿಗಿಂತ ಒಂದಿಷ್ಟೂ ಸ್ಪಷ್ಟವಾಗಿಲ್ಲ. ಒಂದು ಪಾಲು ಮಸುಕಾಗಿಯೇ ಇದೆ.

ಕಾಂಟ್ರಾಸ್ಟ್ ಹಿಗ್ಗಿಸುವಿಕೆಯಲ್ಲಿ ಘಾತವೂ ಇಲ್ಲ, ಲಾಗ್ ಕೂಡ ಇಲ್ಲ. ಚಿತ್ರದಲ್ಲಿರುವ ಕನಿಷ್ಠ ಸಂಖ್ಯೆಯನ್ನು 0ಗೆ ಇಳಿಸಿ, ಗರಿಷ್ಠ ಸಂಖ್ಯೆಯನ್ನು 255ಕ್ಕೆ ಏರಿಸಿ, ನಡುವಿನವನ್ನು ಅದೇ ಅನುಪಾತದಲ್ಲಿ ಹರಡುವುದಷ್ಟೇ. 25ರಿಂದ 85ರವರೆಗಿನ 60 ಹಂತಗಳು 255 ಹಂತಗಳಷ್ಟು ಅಗಲವಾಗುತ್ತವೆ, ಅಂದರೆ ನಾಲ್ಕೂಕಾಲು ಪಟ್ಟು. ಅಕ್ಷರ 42ಕ್ಕೆ ಬರುತ್ತದೆ, ಗರಿ 149ಕ್ಕೆ. ಅಂತರ ಈಗ 100ಕ್ಕೂ ಹೆಚ್ಚು. ಒತ್ತು, ಕೊಂಬು, ಅನುಸ್ವಾರ ಎಲ್ಲ ಬೇರೆಬೇರೆಯಾಗಿ ಎದ್ದು ಕಾಣುತ್ತವೆ.

ಕಪ್ಪಾಗಿರುವುದು ಒಂದು ದೋಷ, ಮುದುಡಿರುವುದು ಇನ್ನೊಂದು. ಓಲೆಗರಿಯ ಚಿತ್ರದಲ್ಲಿ ಎರಡೂ ಇದ್ದವು. ಓದಲು ಅಡ್ಡಿಯಾಗಿದ್ದದ್ದು ಎರಡನೆಯದು.

ಹಿಗ್ಗಿಸುವಿಕೆ ಕೈಕೊಡುವುದೂ ಇಲ್ಲೇ. ಹಸ್ತಪ್ರತಿಯ ಫೋಟೊದಲ್ಲಿ ಸಾಮಾನ್ಯವಾಗಿ ಗರಿಯ ಪಕ್ಕ ಅಳತೆಪಟ್ಟಿಯನ್ನೋ ಕ್ರಮಸಂಖ್ಯೆ ಬರೆದ ಬಿಳಿ ಚೀಟಿಯನ್ನೋ ಇಟ್ಟಿರುತ್ತಾರೆ. ಆ ಚೀಟಿಯ ಬಿಳುಪು 250 ಇದ್ದರೆ, ಚಿತ್ರ ಆಗಲೇ ಬಹುತೇಕ ಪೂರ್ತಿ ಹರಡಿದೆ ಎಂದು ಸೂತ್ರ ತಿಳಿಯುತ್ತದೆ. ಗುಂಡಿ ಒತ್ತಿದರೂ ಚಿತ್ರ ಕದಲುವುದಿಲ್ಲ. ಹೊಳೆಯುವ ಒಂದೇ ಒಂದು ಪಿಕ್ಸೆಲ್ ಇದ್ದರೂ ಸಾಕು, ಇದೇ ಗತಿ. ಅದಕ್ಕಾಗಿ ಅನುಭವಿಗಳು ಅಪ್ಪಟ ಕನಿಷ್ಠ-ಗರಿಷ್ಠಗಳನ್ನು ನೆಚ್ಚುವುದಿಲ್ಲ. ಅತಿ ಕಪ್ಪಾದ ಶೇ. 2 ಮತ್ತು ಅತಿ ಬೆಳ್ಳಗಿನ ಶೇ. 2 ಪಿಕ್ಸೆಲ್‌ಗಳನ್ನು ಲೆಕ್ಕದಿಂದ ಬಿಟ್ಟು ಉಳಿದವನ್ನು ಹಿಗ್ಗಿಸುತ್ತಾರೆ. ಪೈಥಾನ್ ಬಲ್ಲವರಿಗೆ ಅದು ಮೂರು ಸಾಲಿನ ಕೆಲಸ:

```
lo, hi = np.percentile(img, (2, 98))
out = (img.astype(float) - lo) * 255 / (hi - lo)
out = np.clip(out, 0, 255).astype("uint8")
```

ಚೀಟಿ ಚಿತ್ರದ ಶೇ. 2ಕ್ಕಿಂತ ಹೆಚ್ಚು ಜಾಗ ಹಿಡಿದಿದ್ದರೆ ಈ ಉಪಾಯವೂ ನಡೆಯದು. ಆಗ ಗರಿಯ ಭಾಗವನ್ನಷ್ಟೇ ಕತ್ತರಿಸಿಕೊಂಡು ತಿದ್ದಬೇಕು. ಇನ್ನೊಂದು ಎಚ್ಚರ: 60 ಹಂತಗಳನ್ನು ಎಷ್ಟೇ ಎಳೆದರೂ ಅವು 60 ಹಂತಗಳೇ. ತಿದ್ದಿದ ಚಿತ್ರದ ಹಿಸ್ಟೋಗ್ರಾಂ ನೋಡಿದರೆ ನಡುನಡುವೆ ಖಾಲಿ ಜಾಗ ಬಿಟ್ಟ ಗೆರೆಗಳು ನಿಂತಿರುತ್ತವೆ. ಅಕ್ಷರ ಓದಲು ಇದರಿಂದ ತೊಂದರೆಯಿಲ್ಲ. ಆಕಾಶದ ಅಥವಾ ಮುಖದ ನಯವಾದ ಛಾಯೆಯಲ್ಲಾದರೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಕ್ಯಾಮೆರಾ 12 ಅಥವಾ 14 ಬಿಟ್‌ನ ಕಚ್ಚಾ ಕಡತ ಕೊಡುವುದಾದರೆ ಅದರಲ್ಲೇ ತಿದ್ದಿ, ಕೊನೆಗೆ 8 ಬಿಟ್‌ಗೆ ಇಳಿಸುವುದು ಲೇಸು.

ಈಗ ಬೇರೊಂದು ಬಗೆಯ ಕತ್ತಲೆ. ದೇವಸ್ಥಾನದ ಗರ್ಭಗುಡಿಯ ಚಿತ್ರ: ದೀಪದ ಕುಡಿ 250, ದೀಪದ ಹತ್ತಿರದ ಹಿತ್ತಾಳೆ 150ರಿಂದ 200, ಹಿಂದಿನ ಕಲ್ಲಿನ ಕೆತ್ತನೆ 12ರಿಂದ 24. ಇಲ್ಲಿ ಹಿಗ್ಗಿಸಲು ಜಾಗವೇ ಇಲ್ಲ, ಎರಡೂ ತುದಿ ತುಂಬಿವೆ. ಗಾಮಾದ ಜಾಗ ಇದು. 0.5 ಕೊಟ್ಟರೆ ಕಲ್ಲಿನ 12–24 ಎಂಬುದು 55–78 ಆಗುತ್ತದೆ. ಕೆತ್ತನೆಯ ಏರಿಳಿತ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹಿತ್ತಾಳೆಯ 50 ಹಂತಗಳು 30ಕ್ಕೆ ಕುಗ್ಗಿದರೂ ಹೊಳಪಿನ ಛಾಯೆಗಳು ಉಳಿದವು, ದೀಪ 252ರಲ್ಲೇ ನಿಂತಿತು. ಲಾಗ್ ಹಾಕಿದ್ದರೆ ಕಲ್ಲು 118–148ಕ್ಕೆ ಏರಿ ಗರ್ಭಗುಡಿಯ ಕತ್ತಲೆಯೇ ಮಾಯವಾಗುತ್ತಿತ್ತು; ಹಿತ್ತಾಳೆಯ 50 ಹಂತಗಳು 13ಕ್ಕೆ ಕುಸಿದು ಚಪ್ಪಟೆಯಾಗುತ್ತಿದ್ದವು. ಸಾಲದ್ದಕ್ಕೆ ಸೆನ್ಸರ್‌ನ ಗದ್ದಲ ಬೇರೆ: ಅಪ್ಪಟ ಕಪ್ಪಿರಬೇಕಾದ ಮೂಲೆಯಲ್ಲಿ 2 ಮತ್ತು 5ರ ನಡುವೆ ಅಲ್ಲಾಡುವ ಪಿಕ್ಸೆಲ್‌ಗಳು ಲಾಗ್ ಆದಮೇಲೆ 50 ಮತ್ತು 82ರ ನಡುವೆ ಅಲ್ಲಾಡುತ್ತವೆ. ನೆರಳಿನಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಕಂಡರೆ, ಜೇಪೆಗ್ ಚಿತ್ರದಲ್ಲಿ 8 × 8 ಪಿಕ್ಸೆಲ್‌ನ ಚೌಕಗಳು ಮೂಡಿದರೆ, ತಿದ್ದುಪಡಿ ಅತಿಯಾಯಿತೆಂದೇ ಅರ್ಥ.

ಗಾಮಾ ಹುಟ್ಟಿದ್ದು ಫೋಟೊ ಬೆಳಗಿಸಲಿಕ್ಕಲ್ಲ. ಹಳೆಯ ಡಬ್ಬದ ಟೀವಿಯ ಕೊಳವೆಯಲ್ಲಿ ವೋಲ್ಟೇಜ್ ಎರಡು ಪಟ್ಟಾದರೆ ಬೆಳಕು ಎರಡು ಪಟ್ಟಾಗುತ್ತಿರಲಿಲ್ಲ. ಅದು ವೋಲ್ಟೇಜಿನ ಸುಮಾರು 1.8ರಿಂದ 2.5ನೇ ಘಾತದಂತೆ ಏರುತ್ತಿತ್ತು. ಅದನ್ನು ಸರಿದೂಗಿಸಲು ಚಿತ್ರಕ್ಕೆ ಮೊದಲೇ ತಿರುಗುಮುರುಗು ಘಾತ ಕೊಟ್ಟು ಕಳಿಸುವ ಪದ್ಧತಿ ಬಂತು. ಇಂದಿನ ಫೋನಿನ ಜೇಪೆಗ್ ಕೂಡ ಸುಮಾರು 2.2ರ ಲೆಕ್ಕದಲ್ಲಿ ಮೊದಲೇ ಬೆಳಗಿಸಿ ಉಳಿಸಿದ್ದೇ ಆಗಿರುತ್ತದೆ. ಕಚ್ಚಾ ಕಡತವನ್ನು ನೇರವಾಗಿ ತೆರೆದಾಗ ಕಗ್ಗತ್ತಲಾಗಿ ಕಾಣುವುದು ಈ ಹಂತ ಆಗಿಲ್ಲದ್ದರಿಂದ. ಅಲ್ಲಿ ಗಾಮಾ ಬೇಕೇ ಬೇಕು; ಜೇಪೆಗ್‌ಗೆ ಅದೇ ಪ್ರಮಾಣವನ್ನು ಮತ್ತೆ ಕೊಟ್ಟರೆ ಎರಡು ಸಲ ಕೊಟ್ಟಂತಾಗಿ ಚಿತ್ರ ಸುಣ್ಣ ಬಳಿದಂತಾಗುತ್ತದೆ.

ಅಂಕಿಯ ದಿಕ್ಕೂ ಎಲ್ಲ ಕಡೆ ಒಂದೇ ಅಲ್ಲ. ಮೇಲಿನ ಸೂತ್ರದಲ್ಲಿ 0.5 ಚಿತ್ರವನ್ನು ಬೆಳಗಿಸುತ್ತದೆ. ಗಿಂಪ್ ತಂತ್ರಾಂಶದ ಲೆವೆಲ್ಸ್ ಕಿಟಕಿಯಲ್ಲಿ ಬೆಳಗಿಸಲು ನಡುವಿನ ಅಂಕಿಯನ್ನು 2ರ ಕಡೆಗೆ ಏರಿಸಬೇಕು, ಏಕೆಂದರೆ ಅದು ಒಳಗೊಳಗೆ 1/γ ಬಳಸುತ್ತದೆ. ಅದೇ ಕಿಟಕಿಯ ಎಡ ಮತ್ತು ಬಲ ತುದಿಯ ತ್ರಿಕೋನಗಳು ಕಾಂಟ್ರಾಸ್ಟ್ ಹಿಗ್ಗಿಸುತ್ತವೆ; ನಡುವಿನದೇ ಗಾಮಾ.

ಹಾಗಾದರೆ ಲಾಗ್ ಯಾರಿಗೆ? ಅಂಕಿಗಳ ಹರವು ಪರದೆಗೆ ಮೀರಿದಾಗ. ಚಿತ್ರವೊಂದರ ಫೂರಿಯೇ ರೋಹಿತದಲ್ಲಿ ಬೆಲೆಗಳು 0ಯಿಂದ 15 ಲಕ್ಷದವರೆಗೂ ಹೋಗಬಹುದು. ಅದನ್ನು ನೇರವಾಗಿ 255 ಹಂತಕ್ಕೆ ಇಳಿಸಿದರೆ 1,000 ಬೆಲೆಯ ಬಿಂದು 0.17 ಆಗಿ ಕಪ್ಪಿನಲ್ಲಿ ಕಳೆದುಹೋಗುತ್ತದೆ. ಪರದೆಯಲ್ಲಿ ಉಳಿಯುವುದು ನಡುವಿನ ಒಂದು ಬಿಳಿ ಚುಕ್ಕೆ. ಲಾಗ್ ತೆಗೆದರೆ ಹರವು 0ಯಿಂದ 6.2ಕ್ಕೆ ಇಳಿದು, ಅದೇ ಬಿಂದು 124ರ ನಡುಬೂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಯ ಫೋಟೊಗಳಲ್ಲಿ ಇಂಥ ಹರವು ಇರುವುದೇ ಇಲ್ಲ.

ಪೇಲವ ಚಿತ್ರಕ್ಕೂ ಮೊದಲ ಆಯ್ಕೆ ಹಿಗ್ಗಿಸುವಿಕೆಯೇ. ಮಡಿಕೇರಿಯ ಕಡೆಯ ಬೆಟ್ಟದ ಮಂಜಿನ ಚಿತ್ರವನ್ನು ತೆಗೆದುಕೊಂಡರೆ, ಹತ್ತಿರದ ಮರಗಳು 90ರಿಂದ 120, ದೂರದ ಬೆಟ್ಟದ ಸಾಲು 185ರಿಂದ 205 ಇರಬಹುದು. ನಿಜವಾದ ಕಪ್ಪು ಎಲ್ಲೂ ಇಲ್ಲ, ಅದೇ ಪೇಲವತನ. 90ನ್ನು 0ಗೂ 205ನ್ನು 255ಕ್ಕೂ ಎಳೆದರೆ ಬೆಟ್ಟದ 20 ಹಂತಗಳು 44 ಆಗುತ್ತವೆ, ಮರಗಳಿಗೂ ಮೈ ಬರುತ್ತದೆ. ಬೆಟ್ಟ ಇನ್ನೂ ಮಸುಕು ಎನಿಸಿದರೆ ಅದರ ಮೇಲೆ ಗಾಮಾ 2 ಕೊಡಬಹುದು. ಮೊದಲು ಹಿಗ್ಗಿಸಿ ಆಮೇಲೆ ಗಾಮಾ ಎಂಬ ಕ್ರಮದಲ್ಲೇ. ಆಗ ಬೆಟ್ಟದ ಹರವು 81ಕ್ಕೆ ಏರಿ, ಕಣಿವೆಯ ಗೆರೆಗಳು ಕಾಣತೊಡಗುತ್ತವೆ. ಆದರೆ ಹತ್ತಿರದ ಮರಗಳು 0ಯಿಂದ 17ರೊಳಗೆ ಸೇರಿಕೊಂಡು ಕರಿಮಸಿಯಾಗುತ್ತವೆ.

ಮಂಜು ದೂರ ಹೋದಷ್ಟೂ ದಪ್ಪ. ಇಡೀ ಚಿತ್ರಕ್ಕೆ ಒಂದೇ ಸೂತ್ರ ಹಾಕುವ ವಿಧಾನಕ್ಕೆ ಹತ್ತಿರ ಯಾವುದು, ದೂರ ಯಾವುದು ತಿಳಿಯದು. ಇಲ್ಲಿ ಮೂರನ್ನೂ ಬಿಟ್ಟು, ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ ಆಯಾ ಚೌಕದ ಹಿಸ್ಟೋಗ್ರಾಂ ನೋಡಿ ತಿದ್ದುವ ಕ್ಲಾಹೆ ಎಂಬ ವಿಧಾನಕ್ಕೆ ಹೋಗಬೇಕಾಗುತ್ತದೆ. ಅದಕ್ಕೂ ಒಂದು ಮಿತಿಯ ಅಂಕಿ ಇದೆ; ಅದನ್ನು ಏರಿಸಿದಷ್ಟೂ ಬೆಟ್ಟ ಸ್ಪಷ್ಟವಾಗುತ್ತದೆ, ಏನೂ ಇಲ್ಲದ ಆಕಾಶದಲ್ಲಿ ಕಾಳು ಹೆಚ್ಚುತ್ತದೆ.